ಎದುರಿನವರು ಕೈ ಕಟ್ಟಿದರೆ ನಮ್ಮ ಕೈಯೂ ಕಟ್ಟಿಕೊಳ್ಳುವುದು ಯಾಕೆ?

ಸುಜಾತಾ, ಉಡುಪಿ

ನನ್ನ ತಂಗಿಯ ಮದುವೆ ಮಾತುಕತೆ ನಮ್ಮ ಮನೆಯಲ್ಲೇ ಆಯಿತು. ಚಿಕ್ಕಪ್ಪನ ಮಗ ಮೊಬೈಲನ್ನು ಶೋಕೇಸಿನ ಮೇಲಿಟ್ಟು ನಲವತ್ತು ನಿಮಿಷದ ವಿಡಿಯೋ ಮಾಡಿದ್ದ. ಮೊನ್ನೆ ಅದನ್ನು ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಡಗಡೆ ಹುಡುಗನ ತಂದೆ, ಬಲಗಡೆ ನಮ್ಮ ಕಡೆಯಿಂದ ಮಾತಾಡಲು ಕೂತ ನನ್ನ ಗಂಡ. ತಂದೆಯವರು ಕುರ್ಚಿಯ ಕೈಗೆ ಮೊಣಕೈ ಊರಿ ಗಲ್ಲಕ್ಕೆ ಕೈ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಇವರೂ ಹಾಗೇ. ಅವರು ಕಾಲ ಮೇಲೆ ಕಾಲು ಹಾಕಿದರೆ ಇವರದ್ದೂ ಬರುತ್ತದೆ. ಇವರನ್ನು ಕೇಳಿದರೆ "ನನಗೆ ಗೊತ್ತೇ ಇಲ್ಲ, ನಾನು ವರದಕ್ಷಿಣೆ ಮಾತು ಎಲ್ಲಿ ಬರುತ್ತದೋ ಅಂತ ಕಾಯ್ತಾ ಇದ್ದೆ" ಅಂತಾರೆ.

ನನ್ನ ಪ್ರಶ್ನೆ ಇಷ್ಟೇ. ಇದು ನಿಜವಾಗಿ ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುವುದಾ ಅಥವಾ ನಾನು ಹುಡುಕುತ್ತಿದ್ದೇನೆ ಅಂತ ಕಾಣುತ್ತಿದೆಯಾ? ನಿಜವಾದರೆ ಯಾಕೆ ಹೀಗಾಗುತ್ತದೆ?

ಪ್ರಜ್ವಲ್, ಸುರತ್ಕಲ್

ಅಕ್ಕ, ಇದಕ್ಕೆ ಕಾರಣ ಮಿರರ್ ನ್ಯೂರಾನ್. 1990ರ ಸುಮಾರಿಗೆ ಇಟಲಿಯ ಪಾರ್ಮಾದಲ್ಲಿ ರಿಝೊಲಾಟಿ ಅವರ ತಂಡ ಕೋತಿಗಳ ಮಿದುಳಿನಲ್ಲಿ ಕಂಡುಹಿಡಿದದ್ದು. ಕೋತಿ ತಾನೇ ಕಡಲೆ ಎತ್ತಿಕೊಂಡಾಗ ಕೆಲಸ ಮಾಡುವ ನರಕೋಶ, ಬೇರೆಯವರು ಎತ್ತಿಕೊಳ್ಳುವುದನ್ನು ನೋಡಿದಾಗಲೂ ಕೆಲಸ ಮಾಡುತ್ತದೆ. ಹಾಗಾಗಿ ನೋಡಿದ್ದನ್ನು ಮಾಡುವುದು ನಮಗೆ ಹುಟ್ಟಿನಿಂದಲೇ ಬಂದದ್ದು. ಹುಟ್ಟಿ ಎರಡು ಮೂರು ವಾರವಾದ ಮಗುವಿನ ಎದುರು ನಾಲಿಗೆ ಚಾಚಿದರೆ ಅದೂ ಚಾಚುತ್ತದೆ. 1977ರಲ್ಲೇ ಮೆಲ್ಟ್‌ಝಾಫ್ ಮತ್ತು ಮೂರ್ ತೋರಿಸಿದ್ದಾರೆ. ಇದರಲ್ಲಿ ಸಂಶಯಕ್ಕೆ ಜಾಗ ಇಲ್ಲ.

ರೋಶನ್, ಬೆಂದೂರ್‌ವೆಲ್

ಇದನ್ನು ನಮಗೆ ಟ್ರೈನಿಂಗಿನಲ್ಲೇ ಕಲಿಸುತ್ತಾರೆ ಮಾರಾಯ್ರೆ. ನಾನು ಇನ್ಶೂರೆನ್ಸ್ ಸೇಲ್ಸ್‌ನಲ್ಲಿದ್ದೆ. ಗಿರಾಕಿ ಮುಂದಕ್ಕೆ ಬಾಗಿದರೆ ನಾವೂ ಬಾಗಬೇಕು, ಅವರು ಪೆನ್ನು ಹಿಡಿದರೆ ನಾವೂ ಹಿಡಿಯಬೇಕು, ಆಗ ನಂಬಿಕೆ ಬರುತ್ತದೆ ಅಂತ ಟ್ರೈನರ್ ಹೇಳುತ್ತಿದ್ದರು. ನಿಮ್ಮ ಮನೆಯವರು ಒಳ್ಳೆ ಸೇಲ್ಸ್‌ಮ್ಯಾನ್ ಆಗಬಹುದಿತ್ತು.

ಆದರೆ ಒಂದು ದಿನ ಕದ್ರಿಯಲ್ಲಿ ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರ ಮನೆಯಲ್ಲಿ ಕೂತಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ನಾನೂ ತೆಗೆದು ಒರೆಸಿದೆ. ಅವರು ಕುತ್ತಿಗೆ ತುರಿಸಿದರು, ನಾನೂ. ಮೂರನೇ ಸಲ ಅವರು ಮಾತು ನಿಲ್ಲಿಸಿ, "ಎಂತದು, ನನ್ನನ್ನು ಅಣಕಿಸ್ತೀಯಾ?" ಅಂತ ಕೇಳಿದರು. ಕಾಫಿಯೂ ಬರಲಿಲ್ಲ, ಪಾಲಿಸಿಯೂ ಆಗಲಿಲ್ಲ. ಕಂಪನಿಯವರು ಮಾತ್ರ ಆ ಪಾಠವನ್ನು ಬಿಡಲಿಲ್ಲ, ಟಾರ್ಗೆಟ್ ಆಗದಿದ್ದರೆ ನೀವು ಸರಿಯಾಗಿ ಮಾಡಿಲ್ಲ ಅಂತಲೇ ಹೇಳುತ್ತಿದ್ದರು.

ಶೈಲಜಾ, ಮಣಿಪಾಲ

ಸುಜಾತಾ ಅವರೇ, ನಾನು ಮನಃಶಾಸ್ತ್ರ ಪಾಠ ಮಾಡುವವಳು. ನಿಮ್ಮ ಪ್ರಶ್ನೆಯಲ್ಲಿ ಮೊದಲ ಅರ್ಧ ನನಗೆ ಜಾಸ್ತಿ ಇಷ್ಟವಾಯಿತು. ನಿಜವಾಗಿ ಆಗುತ್ತದೋ ಇಲ್ಲವೋ ಅಂತ ಗೊತ್ತುಮಾಡಿಕೊಳ್ಳದೆ ಯಾಕೆ ಅಂತ ಕೇಳಿದರೆ, ಯಾವ ಉತ್ತರ ಕೊಟ್ಟರೂ ಸರಿ ಅನಿಸುತ್ತದೆ.

ಇಬ್ಬರು ಒಂದೇ ಥರ ಕೂತರೆ ಅದಕ್ಕೆ ಹಲವು ಕಾರಣ ಇರಬಹುದು. ಕುರ್ಚಿ ಒಂದೇ ಥರದ್ದು. ಸೆಕೆ ಇಬ್ಬರಿಗೂ ಒಂದೇ. ಬೇಸರ ಬರುವ ಹೊತ್ತೂ ಒಂದೇ. 1999ರಲ್ಲಿ ಚಾರ್ಟ್‌ರಾಂಡ್ ಮತ್ತು ಬಾರ್ಗ್ ಎಂಬ ಇಬ್ಬರು ಅಮೆರಿಕದಲ್ಲಿ ಮಾಡಿದ ಪ್ರಯೋಗ ಹೆಸರುವಾಸಿಯಾದದ್ದು ಇದನ್ನೆಲ್ಲ ಬದಿಗೆ ಸರಿಸಿದ್ದಕ್ಕೆ. ಒಬ್ಬ ವಿದ್ಯಾರ್ಥಿಯನ್ನು ಕೋಣೆಗೆ ಕರೆದು, ಅಪರಿಚಿತರೊಬ್ಬರ ಜೊತೆ ಕೂತು ಕೆಲವು ಫೋಟೋಗಳಲ್ಲಿ ಏನು ಕಾಣುತ್ತದೆ ಅಂತ ಸರದಿಯಲ್ಲಿ ಹೇಳಿ ಅಂದರು. ಆಮೇಲೆ ಬೇರೆ ಅಪರಿಚಿತರೊಬ್ಬರ ಜೊತೆ ಅದೇ ಕೆಲಸ. ಆ ಅಪರಿಚಿತರು ಪ್ರಯೋಗದವರ ಕಡೆಯವರೇ. ಒಬ್ಬರು ಆಗಾಗ ಮುಖ ಉಜ್ಜುತ್ತಿದ್ದರು, ಇನ್ನೊಬ್ಬರು ಪಾದ ಅಲ್ಲಾಡಿಸುತ್ತಿದ್ದರು.

ಮುಖ ಉಜ್ಜುವವರ ಜೊತೆ ಇದ್ದಾಗ ವಿದ್ಯಾರ್ಥಿಯ ಕೈ ಮುಖಕ್ಕೆ ಹೋಗುವುದು ಜಾಸ್ತಿಯಾಯಿತು. ಪಾದ ಅಲ್ಲಾಡಿಸುವವರ ಜೊತೆ ಇದ್ದಾಗ ಪಾದ ಅಲ್ಲಾಡುವುದು ಜಾಸ್ತಿಯಾಯಿತು. ಮನುಷ್ಯ ಅದೇ, ಕೆಲಸ ಅದೇ, ಎದುರಿಗೆ ಕೂತವರು ಮಾತ್ರ ಬೇರೆ. ನಗುಮುಖ ತೋರಿಸದ ಅಪರಿಚಿತರ ಜೊತೆಗೂ ಹೀಗೇ ಆಯಿತು. ಇನ್ನೊಂದು ಮುಖ್ಯ ವಿಷಯ, ವಿಡಿಯೋ ನೋಡಿ ಎಣಿಸಿದವರಿಗೆ ವಿದ್ಯಾರ್ಥಿ ಮಾತ್ರ ಕಾಣುತ್ತಿದ್ದ. ಎದುರಿನವರು ಏನು ಮಾಡುತ್ತಿದ್ದಾರೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ನೀವು ಇಬ್ಬರನ್ನೂ ಒಟ್ಟಿಗೆ ನೋಡುತ್ತಿದ್ದೀರಿ, ಹಾಗಾಗಿ ಕಣ್ಣು ಹೊಂದುವುದನ್ನು ಮಾತ್ರ ಹೆಕ್ಕುತ್ತದೆ.

ನಿಮ್ಮಲ್ಲಿ ವಿಡಿಯೋ ಇದೆ ಅಲ್ವಾ? ಹೀಗೆ ಮಾಡಿ ನೋಡಿ. ಪರದೆಯ ಎಡ ಅರ್ಧಕ್ಕೆ ರಟ್ಟು ಅಡ್ಡ ಇಡಿ. ನಿಮ್ಮ ಮನೆಯವರು ಗಲ್ಲಕ್ಕೆ ಕೈ ಕೊಟ್ಟದ್ದು, ಕೈ ಕಟ್ಟಿದ್ದು, ಕಾಲ ಮೇಲೆ ಕಾಲು ಹಾಕಿದ್ದು, ಮುಂದಕ್ಕೆ ಬಾಗಿದ್ದು, ಇವು ನಾಲ್ಕೇ ನಾಲ್ಕು, ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಅಂತ ಬರೆದುಕೊಳ್ಳಿ. ಇನ್ನೊಂದು ದಿನ ಬಲಕ್ಕೆ ರಟ್ಟು ಇಟ್ಟು ಹುಡುಗನ ತಂದೆಯವರದ್ದು ಬರೆಯಿರಿ. ಆಮೇಲೆ ಎರಡು ಪಟ್ಟಿ ಹೊಂದಿಸಿ. ತಂದೆಯವರು ಮಾಡಿದ ಹತ್ತು ಸೆಕೆಂಡಿನೊಳಗೆ ಇವರು ಅದನ್ನೇ ಮಾಡಿದರಾ ನೋಡಿ.

ಅಷ್ಟಕ್ಕೇ ನಿಲ್ಲಿಸಬೇಡಿ. ಒಂದು ಪಟ್ಟಿಯ ಸಮಯಕ್ಕೆಲ್ಲ ಐದು ನಿಮಿಷ ಕೂಡಿಸಿ ಮತ್ತೆ ಹೊಂದಿಸಿ. ಆಮೇಲೆ ಏಳು ನಿಮಿಷ, ಹನ್ನೊಂದು ನಿಮಿಷ. ಆಗ ಒಬ್ಬರ ಐದನೇ ನಿಮಿಷ ಇನ್ನೊಬ್ಬರ ಹತ್ತನೇ ನಿಮಿಷದ ಪಕ್ಕ ಬರುತ್ತದೆ. ಅಲ್ಲಿ ಯಾರೂ ಯಾರನ್ನೂ ನೋಡಿ ಮಾಡಿರಲು ಸಾಧ್ಯವಿಲ್ಲ. ಆದರೂ ಹೊಂದಿದರೆ ಅದು ಕಾಕತಾಳೀಯ. ಎಷ್ಟು ಕಾಕತಾಳೀಯ ಸಹಜ ಅಂತ ಇದರಿಂದ ಅಂದಾಜಾಗುತ್ತದೆ. ತಾಯಿ ಮಗುವಿನ ಚಲನೆ ಹೊಂದುತ್ತದೋ ಅಂತ ನೋಡಲು ಬರ್ನಿಯೆರಿ ಮತ್ತು ಜೊತೆಯವರು 1980ರ ದಶಕದಲ್ಲಿ ಇಂಥದ್ದೇ ಉಪಾಯ ಮಾಡಿದ್ದರು. ತಾಯಿಯ ಚಿತ್ರದ ಪಕ್ಕ ಬೇರೆ ಮಗುವಿನ ಚಿತ್ರ ಇಟ್ಟು, ನಿಜವಾದ ಜೋಡಿಯ ಜೊತೆ ಹೋಲಿಸಿದರು.

ನವೀನ, ಕುಂದಾಪುರ

ಕೈಕಾಲು ಬಿಡಿ, ನನಗೆ ಮಾತೇ ಬದಲಾಗುತ್ತದೆ. ಮಂಗಳೂರಲ್ಲಿ ಆಫೀಸಿನವರ ಜೊತೆ ಮಂಗಳೂರು ಧಾಟಿ. ಊರಿಂದ ಅಮ್ಮನ ಫೋನ್ ಬಂದರೆ ಎರಡನೇ ವಾಕ್ಯಕ್ಕೆ "ಹ್ವಾಯ್, ಎಂತ ಮಾಡ್ತಾ ಇದ್ರಿ" ಶುರು. ಪಕ್ಕದಲ್ಲಿ ಕೂತ ಗೆಳೆಯರು ನಗುತ್ತಾರೆ. ಇದೂ ಅದೇನಾ?

ಶೈಲಜಾ, ಮಣಿಪಾಲ

ಪೂರ್ತಿ ಅದೇ ಅಲ್ಲ ನವೀನ. ಕುಂದಾಪುರದ ಮಾತು ನಿಮ್ಮದೇ, ಅಮ್ಮನ ಜೊತೆ ಅದು ಹೊರಗೆ ಬರುತ್ತದೆ. ನಿಮ್ಮದಲ್ಲದ ಧಾಟಿ, ಉದಾಹರಣೆಗೆ ಧಾರವಾಡದ ರೂಮ್‌ಮೇಟ್ ಜೊತೆ ಇದ್ದು ಅವರ ಎಳೆತ ನಿಮಗೆ ಬಂದರೆ, ಅದು ಸುಜಾತಾ ಅವರ ಪ್ರಶ್ನೆಗೆ ಹತ್ತಿರ.

ಪ್ರಜ್ವಲ್, ನೀವು ಹೇಳಿದ್ದರಲ್ಲಿ ಕೋತಿಯ ಭಾಗ ಸರಿ. ಆದರೆ ಅಂಥ ನರಕೋಶ ಇದೆ ಅಂದ ಮಾತ್ರಕ್ಕೆ ಅದು ಹುಟ್ಟಿನಿಂದ ಬಂತು ಅಂತಾಗುವುದಿಲ್ಲ. ಶಿಶುಗಳ ವಿಷಯದಲ್ಲಿ 2016ರಲ್ಲಿ ಆಸ್ಟ್ರೇಲಿಯಾದಲ್ಲಿ 106 ಮಕ್ಕಳನ್ನು 1, 3, 6, 9 ವಾರಕ್ಕೆ ಮತ್ತೆ ಮತ್ತೆ ನೋಡಿದರು. ನಾಲಿಗೆ ಚಾಚಿ ತೋರಿಸಿದರೆ ಮಗು ಚಾಚುವುದು ನಿಜ. ಬಾಯಿ ತೆರೆದು ತೋರಿಸಿದರೂ, ಬೇರೆ ಏನೋ ತೋರಿಸಿದರೂ ಹೆಚ್ಚುಕಡಿಮೆ ಅಷ್ಟೇ ಸಲ ಚಾಚುತ್ತದೆ. ಅಂದರೆ ಏನೋ ಕುತೂಹಲ ಆದಾಗ ಮಗು ನಾಲಿಗೆ ಹೊರಗೆ ಹಾಕುತ್ತದೆ, ಅಷ್ಟೇ. ಮೆಲ್ಟ್‌ಝಾಫ್ ಇದನ್ನು ಒಪ್ಪಲಿಲ್ಲ, ಆ ಜಗಳ ಇನ್ನೂ ಮುಗಿದಿಲ್ಲ. "ಸಂಶಯಕ್ಕೆ ಜಾಗ ಇಲ್ಲ" ಅಂತ ಮಾತ್ರ ಹೇಳಲಾಗದು.

ಪ್ರಜ್ವಲ್, ಸುರತ್ಕಲ್

ಮೇಡಂ, ಹುಟ್ಟಿನಿಂದ ಬಂದದ್ದಲ್ಲದಿದ್ದರೆ ಎಲ್ಲಿಂದ ಬಂತು? ನನ್ನ ಮುಖ ನನಗೆ ಕಾಣುವುದಿಲ್ಲ. ಎದುರಿನವರ ಹುಬ್ಬು ಏರಿದ್ದು ನನ್ನ ಯಾವ ಸ್ನಾಯುವಿಗೆ ಸಮ ಅಂತ ಮಿದುಳಿಗೆ ಗೊತ್ತಾಗುವುದು ಹೇಗೆ?

ಶೈಲಜಾ, ಮಣಿಪಾಲ

ಒಳ್ಳೆಯ ಪ್ರಶ್ನೆ. ಸಿಸಿಲಿಯಾ ಹೇಯ್ಸ್ ಎಂಬವರು ಹೇಳುವುದು, ಇದು ಕಲಿತದ್ದು ಅಂತ. ನಮ್ಮ ಮನೆಗಳಲ್ಲೇ ನೋಡಿ. ಮಗು ಬಾಯಿ ಅಗಲಿಸಿದರೆ ಅಜ್ಜಿಯೂ ಅಗಲಿಸುತ್ತಾರೆ. ಮಗು ತಲೆ ಆಡಿಸಿದರೆ ಮಾವನೂ ಆಡಿಸುತ್ತಾನೆ. ದಿನಕ್ಕೆ ಎಷ್ಟು ಸಲವೋ. ನಾವು ಮಗುವನ್ನು ಅನುಕರಿಸುತ್ತಲೇ ಇರುತ್ತೇವೆ. ತನ್ನ ಸ್ನಾಯು ಬಿಗಿದಾಗಲೆಲ್ಲ ಎದುರಿಗೆ ಅದೇ ಆಕಾರ ಕಂಡರೆ, ಆ ಎರಡೂ ಮಿದುಳಿನಲ್ಲಿ ಒಂದಕ್ಕೊಂದು ಗಂಟು ಬೀಳುತ್ತವೆ. ಆಮೇಲೆ ಆಕಾರ ಕಂಡರೆ ಸಾಕು, ಸ್ನಾಯು ತಯಾರಾಗುತ್ತದೆ.

ಇದನ್ನು ಪರೀಕ್ಷೆ ಮಾಡಿದ ರೀತಿ ಚೆನ್ನಾಗಿದೆ. 2007ರಲ್ಲಿ ಹೇಯ್ಸ್, ಕ್ಯಾಟ್ಮರ್ ಮತ್ತು ವಾಲ್ಷ್ ಲಂಡನ್ನಿನಲ್ಲಿ ಕೆಲವರಿಗೆ ತಿರುಗುಮುರುಗು ಅಭ್ಯಾಸ ಮಾಡಿಸಿದರು. ಪರದೆಯಲ್ಲಿ ತೋರುಬೆರಳು ಅಲ್ಲಾಡಿದರೆ ನೀವು ಕಿರುಬೆರಳು ಅಲ್ಲಾಡಿಸಿ, ಕಿರುಬೆರಳು ಕಂಡರೆ ತೋರುಬೆರಳು. ಅಭ್ಯಾಸಕ್ಕೆ ಮುಂಚೆ, ತೋರುಬೆರಳು ಅಲ್ಲಾಡುವುದನ್ನು ಸುಮ್ನೆ ನೋಡಿದರೂ ತೋರುಬೆರಳಿನ ಸ್ನಾಯುವಿನಲ್ಲೇ ಪ್ರತಿಕ್ರಿಯೆ ಜಾಸ್ತಿ ಇತ್ತು. ಅಭ್ಯಾಸದ ನಂತರ ಅದು ಕಿರುಬೆರಳಿನ ಸ್ನಾಯುವಿಗೆ ತಿರುಗಿತು. ಹುಟ್ಟಿನಿಂದ ಬಿಗಿದ ತಂತಿಯಾಗಿದ್ದರೆ ಸ್ವಲ್ಪ ಅಭ್ಯಾಸಕ್ಕೆ ಇಷ್ಟು ಸುಲಭವಾಗಿ ತಿರುಗಬಾರದಿತ್ತು.

ಗೆಜ್ಜೆ ಕಟ್ಟಿದವ, ಸಾಲಿಗ್ರಾಮ

ನಾನು ಯಕ್ಷಗಾನದ ಬಡಗುತಿಟ್ಟಿನ ಹೆಜ್ಜೆ ಕಲಿಸುವವನು. ಮೇಡಂ ಹೇಳಿದ್ದು ಓದಿ ಒಂದು ವಿಷಯ ಹೇಳಬೇಕು ಅನಿಸಿತು. ನನಗೆ ಹಿಂದೆ ಬಿದ್ದು ಎಡ ಭುಜಕ್ಕೆ ಪೆಟ್ಟಾಗಿದೆ. ತಾಳ ಬಿಡ್ತಿಗೆಗೆ ಬರುವಾಗ ಆ ಭುಜ ಸ್ವಲ್ಪ ಮೇಲೇರುತ್ತದೆ. ನಾನು ಅದನ್ನು ಯಾರಿಗೂ ಕಲಿಸಿಲ್ಲ. ಆದರೆ ನನ್ನ ಎದುರು ನಿಂತು ಕಲಿತ ಮಕ್ಕಳಲ್ಲಿ ಕೆಲವರಿಗೆ ಅದೇ ಜಾಗದಲ್ಲಿ ಅದೇ ಭುಜ ಏರುತ್ತದೆ. ಹೇಳಿದರೆ "ಇಲ್ಲ ಸರ್, ನಾನು ಏರಿಸ್ಲಿಲ್ಲ" ಅನ್ನುತ್ತಾರೆ. ಕನ್ನಡಿ ಎದುರು ನಿಲ್ಲಿಸಿದ ಮೇಲೆ ಒಪ್ಪುತ್ತಾರೆ. ವಿಡಿಯೋ ನೋಡಿ ಕಲಿತು ಬಂದ ಮಕ್ಕಳಿಗೆ ಇದು ಇಲ್ಲ.

ಬೇರೆ ಮೇಳದ ಕಲಾವಿದರೊಬ್ಬರು ನನ್ನ ಶಿಷ್ಯನ ಕುಣಿತ ನೋಡಿ, ಗುರು ಯಾರು ಅಂತ ಕೇಳದೆಯೇ ನನ್ನ ಹೆಸರು ಹೇಳಿದ್ದರು. ಆಗ ಸಂತೋಷವಾಗಿತ್ತು. ಈಗ ಯೋಚಿಸಿದರೆ, ಅವರು ಗುರುತು ಹಿಡಿದದ್ದು ನನ್ನ ಹೆಜ್ಜೆಯಿಂದಲೋ ಪೆಟ್ಟಾದ ಭುಜದಿಂದಲೋ ತಿಳಿಯುವುದಿಲ್ಲ. ಈ ಮಕ್ಕಳಿಗೆ ಅದು ಅಂಟದ ಹಾಗೆ ಕಲಿಸುವುದು ಹೇಗೆ ಎಂಬುದು ನನ್ನ ದೊಡ್ಡ ಚಿಂತೆ.

ಶೈಲಜಾ, ಮಣಿಪಾಲ

ಸರ್, ಇದು ತುಂಬ ಒಳ್ಳೆಯ ಉದಾಹರಣೆ. ಹೆಜ್ಜೆಯನ್ನು ಮಕ್ಕಳು ಬೇಕು ಅಂತಲೇ ನೋಡಿ ಕಲಿತರು. ಭುಜವನ್ನು ಕಲಿಯಬೇಕು ಅಂತ ಅವರು ಅಂದುಕೊಳ್ಳಲೇ ಇಲ್ಲ, ಆದರೂ ಬಂತು. ಭುಜ ಏರುವ ಜಾಗದಲ್ಲಿ ಬಲ ಭುಜದ ಕಡೆಯಿಂದ ನೋಡುವ ಹಾಗೆ ಮಕ್ಕಳನ್ನು ನಿಲ್ಲಿಸಿ ನೋಡಬಹುದು. ಕಾಣದಿದ್ದರೆ ಅಂಟುವುದು ಕಷ್ಟ.

ರೋಶನ್ ಅವರ ಹೆಡ್‌ಮಾಸ್ಟರ ವಿಷಯಕ್ಕೆ ಬರುತ್ತೇನೆ. 1999ರ ಪ್ರಯೋಗಕ್ಕೆ ಎರಡನೇ ಭಾಗ ಒಂದಿತ್ತು. ಅದರಲ್ಲಿ ಪ್ರಯೋಗದವರ ಕಡೆಯವರೇ ವಿದ್ಯಾರ್ಥಿಯನ್ನು ಅನುಕರಿಸಿದರು. ಆಮೇಲೆ ಅವರು ಎಷ್ಟು ಇಷ್ಟವಾದರು ಅಂತ ಕೇಳಿದರೆ 9ಕ್ಕೆ ಸುಮಾರು 6.6 ಬಂತು. ಅನುಕರಿಸದವರಿಗೆ 5.9. ವ್ಯತ್ಯಾಸ ಇದೆ, ಆದರೆ ಎಷ್ಟು ಸಣ್ಣದು ನೋಡಿ. ಸೇಲ್ಸ್ ಟ್ರೈನಿಂಗ್‌ನವರು ಹಿಡಿದುಕೊಂಡದ್ದು ಈ ಸಣ್ಣ ವ್ಯತ್ಯಾಸವನ್ನು. 2005ರಲ್ಲಿ ಬೈಲೆನ್ಸನ್ ಮತ್ತು ಯೀ ಕಂಪ್ಯೂಟರಿನ ಒಂದು ಪಾತ್ರಕ್ಕೆ, ಎದುರಿನವರ ತಲೆಯ ಚಲನೆಯನ್ನು 4 ಸೆಕೆಂಡು ತಡವಾಗಿ ಮಾಡುವ ಹಾಗೆ ಮಾಡಿದರು. ಆ ಪಾತ್ರ ಹೇಳಿದ್ದನ್ನು ಜನ ಜಾಸ್ತಿ ಒಪ್ಪಿದರು. 2016ರಲ್ಲಿ ಲಂಡನ್ನಿನಲ್ಲಿ ಹೇಲ್ ಮತ್ತು ಹ್ಯಾಮಿಲ್ಟನ್ ಅಂಥದ್ದನ್ನೇ ಜಾಗ್ರತೆಯಿಂದ ಮಾಡಿ ನೋಡಿದಾಗ ನಂಬಿಕೆ ಹೆಚ್ಚಿದ್ದು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ತಾನಾಗಿ ಅನುಕರಿಸುತ್ತೇವೆ ಎಂಬುದರ ಮೇಲೆ ನನಗೆ ಭರವಸೆ ಇದೆ. ಬೇಕೆಂದೇ ಅನುಕರಿಸಿದರೆ ಜನ ಒಲಿಯುತ್ತಾರೆ ಎಂಬುದರ ಮೇಲೆ ಅಷ್ಟಿಲ್ಲ. ಸಿಕ್ಕಿಬಿದ್ದರಂತೂ ಇದ್ದ ನಂಬಿಕೆಯೂ ಹೋಗುತ್ತದೆ, ನಿಮ್ಮ ಗಿರಾಕಿ ತೋರಿಸಿದರಲ್ಲ.

ರೋಶನ್, ಬೆಂದೂರ್‌ವೆಲ್

ಹಾಗಾದರೆ ನಮಗೆ ಆ ಪಾಠಕ್ಕೆ ಎರಡು ದಿನ ಕೂರಿಸಿದ್ದು ಯಾಕೆ? ಇದನ್ನು ಆ ಟ್ರೈನರ್ ಓದಬೇಕು. ಆದರೆ ಮೇಡಂ, ನಮ್ಮಲ್ಲಿ ಒಬ್ಬಳು ಇದ್ದಳು, ಅವಳಿಗೆ ಪಾಠವೇ ಬೇಡವಾಗಿತ್ತು. ಜನರ ಜೊತೆ ಕೂತರೆ ತಾನಾಗಿ ಅವರ ಹಾಗೆ ಆಗುತ್ತಿದ್ದಳು. ಅವಳಿಗೆ ಪಾಲಿಸಿಯೂ ಆಗುತ್ತಿತ್ತು.

ಶೈಲಜಾ, ಮಣಿಪಾಲ

ಅವಳು ಜನರ ಮಾತಿಗೆ ಚೆನ್ನಾಗಿ ಕಿವಿಗೊಡುತ್ತಿದ್ದಳು ಅಂತ ಕಾಣುತ್ತದೆ. ಪಾಲಿಸಿ ಆದದ್ದು ಅದರಿಂದಲೂ ಇರಬಹುದು, ಅನುಕರಣೆ ಅದರ ಜೊತೆ ಬಂದದ್ದೂ ಇರಬಹುದು. ಎದುರಿನವರ ಜಾಗದಲ್ಲಿ ನಿಂತು ಯೋಚಿಸುವ ಸ್ವಭಾವದವರು ಜಾಸ್ತಿ ಅನುಕರಿಸುತ್ತಾರೆ ಅಂತ ಅದೇ 1999ರ ಕೆಲಸದ ಮೂರನೇ ಭಾಗದಲ್ಲಿದೆ.

ಸುಜಾತಾ, ಉಡುಪಿ

ರಟ್ಟು ಇಟ್ಟು ನೋಡಿದೆ. ಎಡ, ಬಲ ಬೇರೆ ಬೇರೆ ದಿನ. ಬಹಳ ತಾಳ್ಮೆಯ ಕೆಲಸ. ಹುಡುಗನ ತಂದೆ ಆ ನಾಲ್ಕರಲ್ಲಿ ಏನಾದರೊಂದು ಮಾಡಿದ್ದು 14 ಸಲ. ಅದರಲ್ಲಿ 6 ಸಲ ನಮ್ಮವರು ಹತ್ತು ಸೆಕೆಂಡಿನೊಳಗೆ ಅದನ್ನೇ ಮಾಡಿದ್ದಾರೆ. ಸಮಯ ಜಾರಿಸಿ ಹೊಂದಿಸಿದಾಗ ಒಮ್ಮೆ 1 ಬಂತು, ಒಮ್ಮೆ 2, ಹನ್ನೊಂದು ನಿಮಿಷಕ್ಕೆ ಮತ್ತೆ 1. ತಿರುಗಿಸಿ ನೋಡಿದೆ, ನಮ್ಮವರು ಮಾಡಿದ್ದನ್ನು ತಂದೆಯವರು ಹತ್ತು ಸೆಕೆಂಡಿನೊಳಗೆ ಮಾಡಿದ್ದು ಒಂದೇ ಸಲ. ಹಾಗಾದರೆ ನಿಜ ಅಂತಾಯ್ತು ಅಲ್ವಾ?

ಅಶ್ರಫ್, ಉಳ್ಳಾಲ

ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು, ಇಂಥ ಫೂಟೇಜ್ ದಿನವಿಡೀ ನೋಡುತ್ತೇನೆ. ಅಕ್ಕ, ಕಾಫಿ ತಿಂಡಿ ಬಂದದ್ದು ಎಷ್ಟನೇ ನಿಮಿಷಕ್ಕೆ? ಟ್ರೇ ಎದುರು ಬಂದರೆ ಎಲ್ಲರೂ ಬಾಗುತ್ತಾರೆ. ದೊಡ್ಡವರಿಗೆ ಮೊದಲು ಹಿಡಿಯುತ್ತಾರೆ, ಹಾಗಾಗಿ ಹುಡುಗನ ತಂದೆ ಮೊದಲು, ನಿಮ್ಮವರು ಆಮೇಲೆ. ಅದನ್ನು ಅನುಕರಣೆ ಅಂತ ಲೆಕ್ಕ ಹಾಕಬಾರದು. ಕರೆಂಟ್ ಹೋದರೂ ಹಾಗೇ, ಇಬ್ಬರೂ ಒಟ್ಟಿಗೆ ಒರಗುತ್ತಾರೆ.

ಶೈಲಜಾ, ಮಣಿಪಾಲ

ಅಶ್ರಫ್ ಹೇಳಿದ್ದು ಸರಿ, ನಾನು ಕೊಟ್ಟ ವಿಧಾನದ ಮಿತಿಯೇ ಅದು. ಸಮಯ ಜಾರಿಸಿದಾಗ ಅನುಕರಣೆಯೂ ಕಳೆದುಹೋಗುತ್ತದೆ, ಕಾಫಿ ಟ್ರೇಯೂ ಕಳೆದುಹೋಗುತ್ತದೆ. ಹಾಗಾಗಿ ಜಾರಿಸಿದ ಲೆಕ್ಕ ಇಬ್ಬರೂ ಜೊತೆಜೊತೆಗೆ ಚಲಿಸುತ್ತಾರೆ ಅಂತ ಮಾತ್ರ ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಪ್ರಯೋಗದಲ್ಲಿ ಈ ತೊಂದರೆ ಇರಲಿಲ್ಲ, ಅಲ್ಲಿ ಎದುರಿನವರು ಪಾದ ಅಲ್ಲಾಡಿಸುತ್ತಿದ್ದದ್ದು ಮೊದಲೇ ಹೇಳಿಕೊಟ್ಟ ಹಾಗೆ. ಕೋಣೆಯಲ್ಲಿ ನಡೆದದ್ದಕ್ಕೆ ಅಲ್ಲ.

ಸುಜಾತಾ, ಉಡುಪಿ

ಕಾಫಿ 17ನೇ ನಿಮಿಷಕ್ಕೆ. ಆ 6ರಲ್ಲಿ ಒಂದು ಅಲ್ಲೇ ಇದೆ. ಇನ್ನೊಂದು, ನನ್ನ ಅಪ್ಪ ದಿಬ್ಬಣದ ಲೆಕ್ಕ ಹೇಳುವಾಗ ಇಬ್ಬರೂ ಕೇಳಲು ಮುಂದೆ ಬಾಗಿದ್ದು. ಅದನ್ನೂ ತೆಗೆಯುತ್ತೇನೆ. ಉಳಿದದ್ದು 4. ಗಲ್ಲಕ್ಕೆ ಕೈ ಮೂರು, ಕಾಲ ಮೇಲೆ ಕಾಲು ಒಂದು.

ನವೀನ, ಕುಂದಾಪುರ

ನಾಲ್ಕಾದರೂ ಒಂದೇ ಕಡೆಯಿಂದ ಯಾಕೆ? ಹುಡುಗನ ತಂದೆ ಯಾಕೆ ಅನುಕರಿಸಲಿಲ್ಲ?

ಶೈಲಜಾ, ಮಣಿಪಾಲ

ನಾಲ್ಕರಿಂದ ಜಾಸ್ತಿ ಹೇಳಲಾಗದು. ಆದರೆ ಈ ದಿಕ್ಕು ಪ್ರಯೋಗಗಳಿಗೆ ಹೊಂದುತ್ತದೆ. ಎದುರಿನವರು ತನ್ನನ್ನು ಒಪ್ಪಿಕೊಳ್ಳಬೇಕು ಎಂಬ ಆಸೆ ಯಾರಿಗೆ ಜಾಸ್ತಿಯೋ ಅವರು ಜಾಸ್ತಿ ಅನುಕರಿಸುತ್ತಾರೆ. 2008ರಲ್ಲಿ ಲೇಕಿನ್ ಮತ್ತು ಜೊತೆಯವರು ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ ಆಡಿಸಿ, ಕೆಲವರಿಗೆ ಚೆಂಡೇ ಬಾರದ ಹಾಗೆ ಮಾಡಿದರು. ಹೀಗೆ ಹೊರಗಿಟ್ಟವರು ಆಮೇಲೆ ಸಿಕ್ಕ ಅಪರಿಚಿತರ ಪಾದದ ಚಲನೆಯನ್ನು ಉಳಿದವರಿಗಿಂತ ಜಾಸ್ತಿ ಅನುಕರಿಸಿದರು. ಹುಡುಗಿಯ ಕಡೆಯವರಾಗಿ ಕೂತಾಗ ಮನಸ್ಸಿನಲ್ಲಿ ಏನಿರುತ್ತದೆ ಅಂತ ನಮಗೆಲ್ಲ ಗೊತ್ತು. ಸುಜಾತಾ ಅವರ ಮನೆಯವರು ಆ ಹೊತ್ತಿಗೆ ಎಷ್ಟು ಕಾಳಜಿಯಿಂದ ಕೂತಿದ್ದರು ಎಂಬುದು ನನಗೆ ಇದರಲ್ಲಿ ಕಾಣುತ್ತದೆ.

ಇದೆಲ್ಲ ಯಂತ್ರದ ಹಾಗೆ ಆಗುತ್ತದೆ ಅಂತಲೂ ಅಲ್ಲ. 1986ರಲ್ಲಿ ಕೆನಡಾದಲ್ಲಿ ಬಾವೆಲಾಸ್ ಮತ್ತು ಜೊತೆಯವರು, ಒಬ್ಬ ತನ್ನ ಪೆಟ್ಟಾದ ಬೆರಳಿನ ಮೇಲೆ ಭಾರದ ಟಿವಿ ಬೀಳಿಸಿಕೊಂಡ ಹಾಗೆ ನಟಿಸುವ ಏರ್ಪಾಡು ಮಾಡಿದ್ದರು. ನೋಡಿದವರ ಮುಖವೂ ಹಿಂಡಿತು. ಆದರೆ ಅವನು ನೋವಿನಲ್ಲಿ ಅವರ ಕಡೆ ಕಣ್ಣು ಹಾಯಿಸಿದಾಗ ಜಾಸ್ತಿ ಹಿಂಡಿತು. ಬೇರೆ ಕಡೆ ತಿರುಗಿದರೆ ಮುಖ ಬೇಗ ಸಡಿಲವಾಯಿತು. ಅಂದರೆ "ನಿನ್ನ ನೋವು ನನಗೆ ತಿಳಿಯಿತು" ಅಂತ ತೋರಿಸುವ ಕೆಲಸವೂ ಅದರಲ್ಲಿದೆ. ತೋರಿಸಲು ಯಾರೂ ಇಲ್ಲದಿದ್ದರೆ ಅದು ಕಡಿಮೆಯಾಗುತ್ತದೆ.

ಪ್ರಜ್ವಲ್, ಸುರತ್ಕಲ್

ಮೇಡಂ, ಹಾಗಾದರೆ ಕೈ ಗಲ್ಲಕ್ಕೆ ಹೋಗುವುದು ಕಲಿತ ಗಂಟು, ಮುಖ ಹಿಂಡುವುದು ತೋರಿಸುವ ಮಾತು, ಎರಡೂ ಬೇರೆ ಬೇರೆಯಾ? ಅಥವಾ ಒಂದೇನಾ?

ಶೈಲಜಾ, ಮಣಿಪಾಲ

ನನಗೆ ಅನಿಸುವುದು ಗಂಟು ಒಂದೇ, ಅದನ್ನು ಹೊರಗೆ ಬಿಡುವ ಪ್ರಮಾಣ ಮಾತ್ರ ಎದುರಿನವರನ್ನು ನೋಡಿ ಏರಿಳಿಯುತ್ತದೆ ಅಂತ. ಬಾವೆಲಾಸ್ ಇದನ್ನು ಒಪ್ಪುತ್ತಿರಲಿಲ್ಲ.

ಸುಜಾತಾ, ಉಡುಪಿ

ನಾನೇ ಎಣಿಸಿದ್ದು ಸರಿಯಿಲ್ಲ ಅನಿಸಿ, ಏನು ಹುಡುಕುತ್ತಿದ್ದೇನೆ ಅಂತ ಹೇಳದೆ ಅಕ್ಕನ ಮಗಳಿಗೆ ಬಲಗಡೆ ಮಾತ್ರ ತೋರಿಸಿ ಬರೆಸಿದೆ. ಗಲ್ಲಕ್ಕೆ ಕೈ ಮೂರರಲ್ಲಿ ಎರಡು ಅವಳ ಪಟ್ಟಿಯಲ್ಲೂ ಇದೆ, ಸಮಯವೂ ಒಂದೇ. ಮೂರನೆಯದಕ್ಕೆ ಅವಳು "ಚಿಕ್ಕಪ್ಪ ಗಡ್ಡದ ಮೇಲಿನ ಸೊಳ್ಳೆ ಓಡಿಸಿದ್ದು" ಅಂತ ಬರೆದಿದ್ದಾಳೆ. ನಿಧಾನ ಮಾಡಿ ನೋಡಿದರೆ ಕೈ ಹೋಗುತ್ತದೆ, ಎರಡು ಸೆಕೆಂಡು ನಿಲ್ಲುತ್ತದೆ. ಸೊಳ್ಳೆ ವಿಡಿಯೋದಲ್ಲಿ ಕಾಣುವುದಿಲ್ಲ. ಅಶ್ರಫಣ್ಣ, ನಿಮಗೆ ಆ ಅರ್ಧ ನಿಮಿಷ ಕಳಿಸಲಾ?

ಅಶ್ರಫ್, ಉಳ್ಳಾಲ

ಕಳಿಸಿ ಅಕ್ಕ. ಎಡಗಡೆ ಕತ್ತರಿಸಿ ಕಳಿಸಿ, ನನಗೂ ಹುಡುಗನ ತಂದೆ ಕಾಣುವುದು ಬೇಡ.